ಅಕ್ಕನ ಕೀಬೋರ್ಡಿನ ದೀಪ

ನನಗೆ ತಾಳ್ಮೆ ಕಡಿಮೆ. ಹುಮನಾಬಾದಿನ ಬಸ್‌ಸ್ಟ್ಯಾಂಡ್ ಸುತ್ತಮುತ್ತ ಯಾರನ್ನು ಕೇಳಿದರೂ ಈ ಮಾತನ್ನು ನಗುನಗುತ್ತ ಹೇಳುತ್ತಾರೆ. ಅಲ್ಲೇ ನಮ್ಮದೊಂದು ಚಿಕ್ಕ ಕಂಪ್ಯೂಟರ್ ಅಂಗಡಿ ಇದೆ. ಮುಂದೆ ನಾನು ಕೂತು ಟೈಪಿಂಗು, ಝೆರಾಕ್ಸು, ಆನ್‌ಲೈನ್ ಅರ್ಜಿ ನೋಡಿಕೊಳ್ಳುತ್ತೇನೆ. ಹಿಂದೆ, ಪರದೆಯ ಆಚೆ, ನನ್ನ ಯಜಮಾನರು ಲ್ಯಾಪ್‌ಟಾಪುಗಳನ್ನು ಬಿಚ್ಚಿ ಜೋಡಿಸುತ್ತಾರೆ. "ಈ ಅಂಗಡಿದು ಬಾಯಿ ಮುಂದ ಅದ, ಕೈ ಹಿಂದ ಅವ" ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬಾಯಿ ಇರದಿದ್ದರೆ ಅಂಗಡಿ ಎಂದೋ ಮುಚ್ಚುತ್ತಿತ್ತು.

ನನ್ನ ಅಕ್ಕ ನನಗೆ ತದ್ವಿರುದ್ಧ. ಬಸವಕಲ್ಯಾಣದಲ್ಲಿ ಭಾವನ ಕಿರಾಣಿ ಅಂಗಡಿಯ ಹಿಂದಿನ ಮನೆಯಲ್ಲಿ ಅವಳ ಸಂಸಾರ. ಮಾತು ಮೆತ್ತಗೆ, ನಡಿಗೆ ಮೆತ್ತಗೆ, ಸಿಟ್ಟು ಬಂದರೂ ಅದು ಬಂದಿದೆಯೆಂದು ನಮಗೆ ಗೊತ್ತಾಗುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ. ಅವಳ ಮಗಳು ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ತಾಯಿಗೆ ಬಿಟ್ಟುಕೊಟ್ಟಳು. ಅಡುಗೆ ವಿಡಿಯೊ ನೋಡಲಿ ಎಂದು ಕೊಟ್ಟದ್ದು. ಅಕ್ಕ ಅಡುಗೆ ವಿಡಿಯೊ ಒಂದನ್ನೂ ನೋಡಲಿಲ್ಲ. ಕನ್ನಡ ಅಕ್ಷರದ ಸ್ಟಿಕ್ಕರ್ ತಂದು, ಒಂದೊಂದೇ ಕೀಲಿಯ ಮೇಲೆ ಅಂಟಿಸಿ, ಉಗುರಿನಿಂದ ಅಂಚು ಒತ್ತಿ, ಸಂಜೆ ಹೊತ್ತು ಭಾವನ ಅಂಗಡಿಯ ಗದ್ದಲದ ಹಿಂದೆ ಕೂತು ಟೈಪ್ ಮಾಡುವುದನ್ನು ಕಲಿತಳು. ಕಲಿತು ವಚನಗಳನ್ನು ಒಂದೊಂದಾಗಿ ಹೊಡೆದು ಒಂದು ದೊಡ್ಡ ಕಡತ ಮಾಡಿಟ್ಟಳು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಆ ಕಡತಕ್ಕೆ ಬೆಲೆ ಬಂದದ್ದು ಅವರ ಓಣಿಯ ಹುಣ್ಣಿಮೆ ಕೂಟದಿಂದ. ಪ್ರತಿ ಹುಣ್ಣಿಮೆಗೆ ಸಂಜೆ ಸಭಾಮನೆಯಲ್ಲಿ ಜನ ಸೇರುತ್ತಾರೆ. ಮೊದಲು ಲಿಂಗಪೂಜೆ, ಆಮೇಲೆ ವಚನ ಹಾಡುವುದು, ಕೊನೆಗೆ ದಾಸೋಹ. ಪೂಜೆ ಶುರುವಾಗುವಾಗ ವಿದ್ಯುತ್ ದೀಪಗಳನ್ನೆಲ್ಲ ಆರಿಸುತ್ತಾರೆ. ಎಣ್ಣೆದೀಪ ಮಾತ್ರ ಉಳಿಯುತ್ತದೆ, ಹಾಡು ಮುಗಿಯುವವರೆಗೆ ಹಾಗೇ. ಹಾಡುವುದಕ್ಕೂ ಅವರದೇ ಒಂದು ಪದ್ಧತಿ ಇದೆ. ಇಂಥದ್ದನ್ನು ಹಾಡುತ್ತೇವೆ ಎಂದು ಯಾರೂ ಮೊದಲೇ ಹೇಳುವುದಿಲ್ಲ. ಯಾರಿಗೆ ಮನಸ್ಸು ಬರುತ್ತದೋ ಅವರು ಕೂತಲ್ಲೇ ಎತ್ತಿಕೊಳ್ಳುತ್ತಾರೆ, ಉಳಿದವರು ಸೇರಿಕೊಳ್ಳುತ್ತಾರೆ. ಮುಡಬಿಯಿಂದ ಬಂದವರಿಗೆ ಒಂದು ಗೊತ್ತಿದ್ದರೆ ಗೋರ್ಟಾದಿಂದ ಬಂದವರಿಗೆ ಇನ್ನೊಂದು ಗೊತ್ತು. ಸಾಲು ಬಾರದವರು ಬಾಯಿ ಆಡಿಸುತ್ತ ಕೂರುತ್ತಾರೆ.

ಅದಕ್ಕಾಗಿ ಗೋಡೆಯ ಮೇಲೆ ಪ್ರೊಜೆಕ್ಟರ್‌ನಿಂದ ಸಾಲು ತೋರಿಸುವ ಏರ್ಪಾಡು ಬಂತು. ಕಪ್ಪು ಪರದೆ, ಬಿಳಿ ಅಕ್ಷರ. ಯಾರಾದರೂ ಎತ್ತಿಕೊಂಡ ಕೂಡಲೇ, ಭಾವ ತಂದುಕೊಟ್ಟಿದ್ದ ಆ ಕಡತದಲ್ಲಿ ಮೊದಲಿನ ಎರಡು ಪದ ಹೊಡೆದು ಹುಡುಕಬೇಕು, ಸಾಲು ಗೋಡೆಗೆ ಬರಬೇಕು. ಈ ಕೆಲಸವನ್ನು ಓಣಿಯ ಒಬ್ಬ ಕಾಕಾ ಮಾಡುತ್ತಿದ್ದರು. ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತಿಯಾದವರು, ಒಂದೇ ಬೆರಳಿನ ಟೈಪಿಂಗು. ಕತ್ತಲಲ್ಲಿ ಕೀಲಿ ಕಾಣದೆ ಮೊಬೈಲ್ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹುಡುಕುತ್ತಿದ್ದರು. ಟಾರ್ಚಿನ ಬೆಳಕು ಪೂಜೆಗೆ ಕೂತವರ ಮುಖಕ್ಕೆ ಹೊಡೆದು ಹಿರಿಯರು ಸಿಡಿಮಿಡಿಗೊಂಡರು. ಕಡೆಗೆ ಕಾಕಾ, "ನನ್ನ ಕಣ್ಣೂ ಸರಿ ಇಲ್ಲ, ಹಲ್ಲೂ ಸರಿ ಇಲ್ಲ, ಯಾರರೆ ಬ್ಯಾರೆ ಕುಂದ್ರಲಿ" ಎಂದು ಎದ್ದುಬಿಟ್ಟರು. ಕಡತ ಯಾರದು ಎಂಬ ಮಾತು ಬಂತು. ಅಕ್ಕನದು ಎಂದು ಗೊತ್ತಾಯಿತು. ಬರುವ ಹುಣ್ಣಿಮೆಗೆ ಅವಳೇ ಕೂರಲಿ, ಆದರೆ ಟಾರ್ಚು ಗೀರ್ಚು ನಡೆಯುವುದಿಲ್ಲ ಎಂದು ತೀರ್ಮಾನವಾಯಿತು.

ಇದು ಅಕ್ಕನಿಗೆ ಎಷ್ಟು ದೊಡ್ಡದೆಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಮದುವೆಯಾಗಿ ಆ ಓಣಿಗೆ ಬಂದಾಗಿನಿಂದ ಅವಳು ದಾಸೋಹದ ಅಡುಗೆಯವಳು. ಹುಗ್ಗಿಯ ಹದ ಅವಳಿಗಲ್ಲದೆ ಇನ್ನೊಬ್ಬರಿಗೆ ಬಾರದು ಎಂದು ಎಲ್ಲರೂ ಹೊಗಳಿ ಹೊಗಳಿಯೇ ಅವಳನ್ನು ಹಿತ್ತಲಿನ ಒಲೆಯ ಮುಂದೆ ಕೂರಿಸಿಬಿಟ್ಟಿದ್ದರು. ಹಾಡೆಲ್ಲ ಅವಳು ಕೇಳಿದ್ದು ಗೋಡೆಯ ಆಚೆಯಿಂದ, ಸೌಟಿನ ಸದ್ದಿನ ನಡುವೆ. ಹಾಗೆ ಕೇಳಿಯೇ ಬಾಯಿಪಾಠವಾದವಳು ಒಂದು ಸಲವೂ ಒಳಗೆ ಕೂತಿರಲಿಲ್ಲ.

ಹುಣ್ಣಿಮೆ ಹತ್ತಿರ ಬಂದಾಗ ಅವಳ ಫೋನು ಬಂತು.

"ತಂಗಿ, ಈ ಲ್ಯಾಪ್‌ಟಾಪಿನ ಅಕ್ಷರದ ಬುಡಕ ದೀಪ ಹತ್ತತಾವ ಅಂತ ಮಗಳು ಹೇಳ್ತಾಳ. ನಂದು ಹತ್ತವಲ್ಲವು."

"ಮ್ಯಾಲಿನ ಸಾಲಿನ್ಯಾಗ ಒಂದು ಕೀಲಿ ಮ್ಯಾಲ ಸಣ್ಣ ಕೀಬೋರ್ಡಿನ ಚಿತ್ರ ಅದ ನೋಡು, ಸುತ್ತ ಗೆರಿ ಗೆರಿ. ಅದನ್ನ ಒತ್ತು."

"ಒತ್ತಿದೆ. ದೀಪ ಇಲ್ಲ. ತೆರೆದಿದ್ದ ಪುಟ ಒಮ್ಮೆ ಹೋಗಿ ಮತ್ತ ಬಂತು."

"ಹಂಗಲ್ಲ. ಕೆಳಗ ಎಡಕ್ಕ ಎಫ್ ಎನ್ ಅಂತ ಅದಲ್ಲ, ಅದನ್ನ ಹಿಡಕೊಂಡು ಇದನ್ನ ಒತ್ತು. ಹಿಡಕೊಂಡು!"

"ಯಾಕ ಒದರಾಕತ್ತೀ? ಹಿಡಕೊಂಡೇನಿ."

ನಾನು ಒದರುತ್ತಿರಲಿಲ್ಲ, ನನ್ನ ದನಿಯೇ ಹಾಗೆ. ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ಆ ಕಡೆ ಕೀಲಿ ಒತ್ತಿದ ಟಿಕ್ ಸದ್ದಾಯಿತು. ಆಮೇಲೆ ಅಕ್ಕ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಹತ್ತ್ಯಾವ! ಸಂದಿ ಸಂದಿಯೊಳಗಿಂದ ಬೆಳಕು ಬರಾಕತ್ತದ!"

ನಾನು ಗೆದ್ದೆ ಎಂದು ಕುರ್ಚಿಗೆ ಒರಗಿದೆ. ಒರಗಿ ಮುಗಿಯಲಿಲ್ಲ, ಅವಳು ಹೇಳಿದಳು, "ಹೋದವು."

ಅದಕ್ಕೊಂದು ಹೊತ್ತಿನ ಮಿತಿ ಇರುತ್ತದೆ, ಸುಮ್ಮನಿದ್ದರೆ ತಾನೇ ಆರುತ್ತದೆ, ಯಾವುದಾದರೂ ಕೀಲಿ ಮುಟ್ಟಿದರೆ ಮತ್ತೆ ಹತ್ತುತ್ತದೆ ಎಂದು ವಿವರಿಸಿದೆ. ಅವಳು ಮುಟ್ಟಿದಳು, ಹತ್ತಿತು. ಆದರೆ ಬೆಳಕು ಮಂಕು, ಅಕ್ಷರ ಒಂದೂ ಕಾಣುವುದಿಲ್ಲ ಎಂದಳು. ಇನ್ನೊಮ್ಮೆ ಒತ್ತಿದರೆ ಬೆಳಕು ಹೆಚ್ಚಾಗುತ್ತದೆ ಎಂದೆ. ಒತ್ತಿದಳು, ಸಂದಿ ಮಾತ್ರ ಹೆಚ್ಚು ಹೊಳೆಯಿತಂತೆ. ಮತ್ತೂ ಹೆಚ್ಚಾಗಲಿ ಎಂದು ಇನ್ನೊಮ್ಮೆ ಒತ್ತಿದಳು, ಪೂರ್ತಿ ಆರಿತು. ಆ ಕೀಲಿಯ ಆಟವೇ ಹಾಗೆ: ಮಂಕು, ಪ್ರಖರ, ಬಂದ್, ಮತ್ತೆ ಮಂಕು. ಅಕ್ಕ ಫೋನಿನಲ್ಲೇ ಆ ಸುತ್ತನ್ನು ಎಷ್ಟು ಸಲ ಸುತ್ತಿದಳೋ. ಕಡೆಗೆ ನಾನೇ ಹೇಳಿದೆ, "ಲ್ಯಾಪ್‌ಟಾಪ್ ತಗೊಂಡು ನಾಳಿ ಬಸ್ಸಿಗೆ ಬಾ. ಫೋನಿನ್ಯಾಗ ಲಗ್ನ ಮಾಡಾಕ ಆಗಂಗಿಲ್ಲ."

ಬಂದಳು. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಹಳೆ ಕೌದಿಯಲ್ಲಿ ಸುತ್ತಿ ತಂದಿದ್ದಳು. ಜತೆಗೆ ಡಬ್ಬಿಯಲ್ಲಿ ಝುಣಕ, ರೊಟ್ಟಿ. ತಂಗಿಯ ಸಿಟ್ಟು ಹೊಟ್ಟೆ ತುಂಬಿದರೆ ಇಳಿಯುತ್ತದೆಂದು ಅವಳಿಗೆ ನಾವು ಚಿಕ್ಕವರಿದ್ದಾಗಿನಿಂದ ಗೊತ್ತು.

ನನ್ನ ಯಜಮಾನರು ಲ್ಯಾಪ್‌ಟಾಪನ್ನು ಮೇಜಿಗಿಟ್ಟು ಕೀಲಿ ಒತ್ತಿದರು. ಹೊರಗೆ ಹುಮನಾಬಾದಿನ ಬಿಸಿಲು, ತಲೆಯ ಮೇಲೆ ಟ್ಯೂಬ್‌ಲೈಟು. ಕೀಬೋರ್ಡಿನ ಬೆಳಕು ಇದೆಯೋ ಇಲ್ಲವೋ ಅಲ್ಲಿ ಯಾವ ಕಣ್ಣಿಗೂ ತಿಳಿಯುವಂತಿರಲಿಲ್ಲ. ಅವರು ಲೈಟು ಆರಿಸಿ ಶಟರನ್ನು ಅರ್ಧಕ್ಕಿಂತ ಕೆಳಗೆ ಎಳೆದರು. ಕೂಡಲೇ ಹೊರಗಿನಿಂದ ಯಾರೋ ಬಗ್ಗಿ ನೋಡಿ ಕೇಳಿದರು, "ಯಾಕ್ರಿ, ಏನಾತ್ರಿ? ಮಧ್ಯಾಹ್ನದಾಗ ಅಂಗಡಿ ಬಂದ್ ಮಾಡೀರಿ?"

"ಏನೂ ಆಗಿಲ್ರಿ, ದೀಪ ನೋಡಾಕತ್ತೇವಿ" ಎಂದೆ.

"ದೀಪ ನೋಡಾಕ ದೀಪ ಆರ್ಸೀರಿ?" ಎಂದು ಆ ಮನುಷ್ಯ ಕೂಡ ಶಟರಿನ ಕೆಳಗೆ ತೂರಿ ಒಳಗೆ ಬಂದು ನಿಂತ. ಚಿಟಗುಪ್ಪದ ಬಸ್ಸಿಗೆ ಕಾಯುತ್ತಿದ್ದವನಂತೆ. ಬಸ್ಸು ಹೋಯಿತೋ ಏನೋ, ಅವನು ಮಾತ್ರ ಹೋಗಲಿಲ್ಲ.

ಯಜಮಾನರು ಲ್ಯಾಪ್‌ಟಾಪನ್ನು ಬಂದ್ ಮಾಡಿ, ಮತ್ತೆ ಶುರುವಾಗುವಾಗ ಕೀಲಿ ಒತ್ತಿ, ವಿಂಡೋಸ್ ಬರುವ ಮೊದಲಿನ ಸೆಟ್ಟಿಂಗ್ ಪುಟಕ್ಕೆ ಹೋದರು. ಬಯೋಸ್ ಎನ್ನುತ್ತಾರಲ್ಲ, ಅದು. ಅಲ್ಲಿ ಕೀಬೋರ್ಡ್ ಬೆಳಕಿಗೇ ಒಂದು ಸಾಲಿತ್ತು: ಬಂದ್, ಮಂಕು, ಪ್ರಖರ. ಅದು ಮಂಕಿನ ಮೇಲೆ ನಿಂತಿತ್ತು. ಅದನ್ನು ಪ್ರಖರಕ್ಕೆ ತಂದರು. ಅದರ ಕೆಳಗೆ ಎಷ್ಟು ಹೊತ್ತಿಗೆ ಆರಬೇಕು ಎಂಬುದು. ಚಾರ್ಜರ್ ಹಾಕಿದ್ದಾಗ ಒಂದು ಲೆಕ್ಕ, ಬ್ಯಾಟರಿ ಮೇಲಿದ್ದಾಗ ಇನ್ನೊಂದು. ಬ್ಯಾಟರಿಯದು ತೀರಾ ಚಿಕ್ಕದಾಗಿತ್ತು.

"ಅಲ್ಲಿ ಚಾರ್ಜರ್ ಹಾಕ್ತೀರೇನ್ರಿ ಅಕ್ಕಾರ?"

"ಇಲ್ರಿ, ಒಂದೇ ಪ್ಲಗ್ ಅದ. ಅದು ಪ್ರೊಜೆಕ್ಟರಿಗೆ ಬೇಕು."

"ಹಂಗಾದ್ರ ಬ್ಯಾಟರಿದೇ ಉದ್ದ ಮಾಡ್ತೀನಿ. ಎಂದೂ ಆರಲಾರದಂಗ ಇಡಲೇನು?"

ಅಕ್ಕ ಯೋಚಿಸಿದಳು. "ಬ್ಯಾಡ್ರಿ. ಹಾಡು ಇಲ್ಲದಾಗ ಎಲ್ಲಾರೂ ಕಣ್ಣು ಮುಚ್ಚಿ ಕುಂತಿರ್ತಾರ. ಅದೊಂದೇ ಯಾಕ ಕಣ್ಣು ತಕ್ಕೊಂಡಿರಬೇಕು? ಕೆಲಸ ಇಲ್ಲಂದ್ರ ಅದೂ ಮುಚ್ಚಲಿ."

ಯಜಮಾನರು ನಕ್ಕು ಒಂದು ನಿಮಿಷಕ್ಕೆ ಇಟ್ಟರು. ವಿಂಡೋಸ್ ಬಂದ ಮೇಲೆ ಬ್ಯಾಟರಿ ಉಳಿತಾಯದ ಸೆಟ್ಟಿಂಗನ್ನೂ ತೆಗೆದರು, ಅದು ಅಡ್ಡ ಬರುವುದು ಬೇಡ ಎಂದು. ಈಗ ಎಲ್ಲ ಸರಿಯಾಗಿರಬೇಕು. ನಾವು ನಾಲ್ವರೂ, ಬಸ್ಸು ತಪ್ಪಿದವನೂ ಸೇರಿ, ಕತ್ತಲಲ್ಲಿ ಬಗ್ಗಿ ನೋಡಿದೆವು. ಸಂದಿಯಲ್ಲಿ ಚೆನ್ನಾಗಿ ಬೆಳಕು. ಅಕ್ಷರ ಮಾತ್ರ ಕಪ್ಪು.

"ಒಳಗ ಬೆಳಕಿನ ಹಾಳಿ ಹೋಗಿರಬೇಕು, ಇಲ್ಲಾ ಅದರ ವೈರಿನ ಪಟ್ಟಿ ಸಡಲಾಗಿರಬೇಕು" ಎಂದು ಯಜಮಾನರು ಸ್ಕ್ರೂಡ್ರೈವರ್ ಹುಡುಕಿದರು. ಅವರಿಗೆ ಬಿಚ್ಚಲು ಕಾರಣ ಸಿಕ್ಕರೆ ಸಾಕು, ಹಬ್ಬ. ಅಕ್ಕನ ಮುಖ ಸಣ್ಣದಾಯಿತು. ಬಿಚ್ಚಿದ್ದು ಹುಣ್ಣಿಮೆಯೊಳಗೆ ಕೂಡುತ್ತದೋ ಇಲ್ಲವೋ ಎಂದು ಅವಳು ನನ್ನ ಕಡೆ ನೋಡಿದಳು.

ನಾನು "ತಡೀರಿ" ಎಂದೆ. ಏಕೆಂದರೆ ಎಂಟರ್ ಕೀಲಿ ಹೊಳೆಯುತ್ತಿತ್ತು. ಶಿಫ್ಟ್ ಹೊಳೆಯುತ್ತಿತ್ತು. ಮೇಲಿನ ಸಾಲು ಪೂರಾ, ಬಾಣದ ಗುರುತುಗಳು ಕೂಡ, ಬೆಳ್ಳಗೆ ಚೊಕ್ಕವಾಗಿ ಹೊಳೆಯುತ್ತಿದ್ದವು. ನಡುವಿನ ಅಕ್ಷರಗಳಷ್ಟೇ ಕುರುಡು. ಒಳಗಿನ ಬೆಳಕು ಕೆಟ್ಟಿದ್ದರೆ ಹೀಗೆ ಹದ್ದುಬಸ್ತು ಮಾಡಿದ ಹಾಗೆ ಕೆಡುವುದುಂಟೆ? ನಾನು ಒಂದು ಕೀಲಿಯ ಮೇಲೆ ಉಗುರು ಆಡಿಸಿದೆ.

"ಅಕ್ಕಾ, ನಿನ್ನ ಸ್ಟಿಕ್ಕರ್!"

ಕೀಲಿಯ ಮೈಯೆಲ್ಲ ಕಪ್ಪು ಬಣ್ಣ. ಅಚ್ಚಾದ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಮಾತ್ರ ಬೆಳಕು ಹಾಯುವಂತೆ ಬಿಟ್ಟಿರುತ್ತಾರೆ. ಅಕ್ಕನ ಸ್ಟಿಕ್ಕರು ದಪ್ಪ ಕಪ್ಪು, ಅದರ ಮೇಲೆ ಬಿಳಿ ಬಣ್ಣದ ಅಕ್ಷರ. ಬೆಳಕು ಹೊರಗೆ ಬರುವ ಒಂದೇ ಕಿಟಕಿಗೆ ಅವಳು ಚೊಕ್ಕವಾಗಿ ಬಾಗಿಲು ಜಡಿದಿದ್ದಳು. ನಮ್ಮ ಕಡೆ ಕನ್ನಡ ಹೊಡೆಯುವವರ ಕೀಬೋರ್ಡಿಗೆಲ್ಲ ಸ್ಟಿಕ್ಕರ್ ಇದ್ದೇ ಇರುತ್ತದೆ, ಹಣೆಗೆ ವಿಭೂತಿ ಇದ್ದ ಹಾಗೆ. ಅದಕ್ಕೇ ನಮ್ಮ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ನಾವೆಲ್ಲ ಎಷ್ಟು ನಕ್ಕೆವೆಂದರೆ ಆಚೆಯ ಚಹಾದಂಗಡಿಯವನೂ ಶಟರಿನ ಕೆಳಗಿಂದ ಇಣುಕಿದ.

ಅಕ್ಕ ಮಾತ್ರ ನಗಲಿಲ್ಲ. "ಕಿತ್ತಿದ್ರ ಬೆಳಕು ಬರ್ತದ. ಆದ್ರ ಬೆಳಕಿನ್ಯಾಗ ಇಂಗ್ಲಿಷ್ ಅಕ್ಷರ ಕಾಣ್ತಾವ. ನಂಗೇನು ಉಪಯೋಗ?" ಎಂದಳು.

ಹೌದು. ಅವಳು ಕಲಿತ ಕನ್ನಡದ ವಿನ್ಯಾಸಕ್ಕೂ ಇಂಗ್ಲಿಷ್ ಅಕ್ಷರಕ್ಕೂ ನಂಟಿಲ್ಲ. ಎಚ್ ಇದ್ದಲ್ಲಿ ಪ, ಎಲ್ ಇದ್ದಲ್ಲಿ ತ, ಸಿ ಇದ್ದಲ್ಲಿ ಮ. ಕ ಒಂದು ಪುಣ್ಯಕ್ಕೆ ಕೆ ಮೇಲೆ ಕೂತಿದೆ. ನಾನು ಸ್ಟಿಕ್ಕರ್ ಬಿಟ್ಟು ಬೇರೆ ದಾರಿ ಹುಡುಕಿದೆ. ಪಾರದರ್ಶಕ ಸ್ಟಿಕ್ಕರ್ ತರಿಸೋಣ ಎಂದೆ. ಅದರಲ್ಲೂ ಹೊಳೆಯುವುದು ಕೆಳಗಿನ ಇಂಗ್ಲಿಷೇ, ಮೇಲೆ ಅಚ್ಚಾದ ಕನ್ನಡ ಹೊಳೆಯುವುದಿಲ್ಲ ಎಂದು ಯಜಮಾನರು ತಲೆ ಅಲ್ಲಾಡಿಸಿದರು. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ ಬರುವ ವಿನ್ಯಾಸವೂ ಇದೆ, ಸೆಟ್ಟಿಂಗ್‌ನಲ್ಲಿ ಅದನ್ನು ಸೇರಿಸಿಕೊಡುತ್ತೇನೆ ಎಂದೆ. ಸೇರಿಸಿಯೂ ಕೊಟ್ಟೆ. ಅಕ್ಕ ಒಂದು ಸಾಲು ಹೊಡೆಯುವಷ್ಟರಲ್ಲಿ ಬೆವತಳು. ಬಲಗೈಯಿಂದ ರೊಟ್ಟಿ ತಟ್ಟುವವಳಿಗೆ ಎಡಗೈಯಿಂದ ತಟ್ಟು ಅಂದ ಹಾಗಾಯಿತು.

"ಬಿಡು ತಂಗಿ" ಎಂದಳು. "ಕಾಕಾನ ಮಗ ಬರ್ತೀನಿ ಅಂದಾನ, ಅವ ಕುಂದ್ರಲಿ. ಹುಗ್ಗಿ ನಾ ಮಾಡ್ತೀನಿ."

ಹೇಳಿದ್ದು ಎಂದಿನ ಮೆತ್ತನೆ ದನಿಯಲ್ಲೇ. ಆದರೆ ಕೌದಿಯನ್ನು ಮಡಚುವ ನೆಪದಲ್ಲಿ ಮುಖ ಆಚೆ ತಿರುಗಿಸಿದಳು.

"ಯಾಕ ಬಿಡಬೇಕು? ಅಷ್ಟೂ ವಚನ ಹೊಡೆದಾಕಿ ನೀ, ಕುಂದ್ರಾಂವ ಅವನೇನು?" ಎಂದು ನಾನು ಮತ್ತೆ ಒದರಿದೆ. ಈ ಸಲ ಖರೆಯೇ ಒದರಿದ್ದು.

"ನಂಗೇನು ಆಸೆ ಇಲ್ಲೇನು?" ಎಂದು ಅಕ್ಕ ತಿರುಗಿದಳು. ಕಣ್ಣಲ್ಲಿ ನೀರಿತ್ತು. "ಒಮ್ಮೆರೆ ಒಳಗ ಕುಂತು ಕೇಳಬೇಕು ಅಂತ ಎಷ್ಟು ಹುಣ್ಣಿಮಿ ಅಂದ್ಕೊಂಡೇನಿ. ಗ್ವಾಡಿ ಹಿಂದಿಂದ ಕೇಳಿದ್ರ ಹಾಡಿನ ಬಾಲ ಅಷ್ಟೇ ಸಿಗ್ತದ."

ಬಸ್ಸು ತಪ್ಪಿದವನೂ ತಲೆ ತಗ್ಗಿಸಿದ. ನಾನು ಡಬ್ಬಿ ಬಿಚ್ಚುತ್ತ ಹೇಳಿದೆ, "ರೊಟ್ಟಿ ಉಣ್ಣೋಣ. ಉಂಡ ಮ್ಯಾಲ ನೋಡೋಣ."

ಶಟರು ಹಾಗೇ ಇಳಿದಿತ್ತು. ಅರೆಗತ್ತಲಲ್ಲೇ ಝುಣಕ ರೊಟ್ಟಿ ತಿಂದೆವು. ಬೇಡ ಬೇಡ ಎನ್ನುತ್ತಲೇ ಅವನೂ ತಿಂದ. ತಿಂದು ಕೈ ತೊಳೆದ ಅಕ್ಕ ಲ್ಯಾಪ್‌ಟಾಪಿನ ಮುಂದೆ ಸುಮ್ಮನೆ ಕೂತು, ಅಭ್ಯಾಸಬಲದಿಂದ ಒಂದು ಸಾಲು ಹೊಡೆಯತೊಡಗಿದಳು. ಮೊದಲಿನ ಅಕ್ಷರಗಳು ಸರಾಗವಾಗಿ ಬಂದವು. ಒಂದು ಕಡೆ ಬೆರಳು ನಿಂತಿತು. ತಡವಿ ತಪ್ಪು ಒತ್ತಿದಳು. ಅಳಿಸಿದಳು. ಮತ್ತೆ ಹೊರಟಳು, ಮತ್ತೆ ಅಂಥದೇ ಒಂದು ಜಾಗದಲ್ಲಿ ನಿಂತಳು. ಎದ್ದು ಬಾಗಿಲ ಕಡೆ ಹೋಗಿ, ಶಟರಿನ ಕೆಳಗಿನ ಬೆಳಕಿನ ಪಟ್ಟಿಯನ್ನು ಒಂದು ಕ್ಷಣ ನೋಡಿದಳು. ತಿರುಗಿ ಬಂದವಳ ಮುಖವೇ ಬೇರೆಯಾಗಿತ್ತು.

"ತಂಗಿ, ನಮ್ಮ ಓಣ್ಯಾಗ ಕರೆಂಟ್ ಹೋದಾಗ ನಾ ಮನಿ ಮುಟ್ಟಂಗಿಲ್ಲೇನು? ಎಲ್ಲಾ ಮನಿಗೂ ದೀಪ ಇರ್ಬೇಕಂತೇನಿಲ್ಲ. ತಿರುಗೋ ಮೂಲ್ಯಾಗ ಒಂದೊಂದು ಕಂಡ್ರ ಸಾಕು, ಉಳಿದದ್ದು ಕಾಲಿಗೆ ಗೊತ್ತದ."

ನನಗೆ ಮೊದಲು ಅರ್ಥವಾಗಲಿಲ್ಲ. ಅವಳು ಉಗುರು ಹಾಕಿ ಜೆ ಮೇಲಿನ ಸ್ಟಿಕ್ಕರನ್ನು ಕಿತ್ತಳು. ಕತ್ತಲಲ್ಲಿ ಅದೊಂದೇ ಕೀಲಿ ಫಳ್ ಎಂದು ಹೊಳೆಯಿತು. "ಇದು ರ" ಎಂದಳು. "ಮ್ಯಾಲ ಏನು ಬರದಾರೋ ಬರೀಲಿ, ನಂಗ ಇದು ರ ಅಕ್ಷರದ ಮೂಲಿ." ಆಮೇಲೆ ಎಫ್ ಮೇಲಿನದನ್ನು ಕಿತ್ತಳು, ಅದು ಅವಳಿಗೆ ಕಿ, ಮಿ ಬರೆಯುವ ಗುಡಿಸಿನ ಮೂಲೆ. ಹೊಡೆದು ನೋಡಿದಳು. ಎಡವಿದ ಜಾಗ ಯಾವುದೋ ಅದರದಷ್ಟೇ ಕಿತ್ತಳು. ಕೆಳಗಿನ ಸಾಲಿನಲ್ಲಿ ಮ. ಅಕ್ಷರಗಳ ಮೇಲಿನ ಸಾಲಿನ ಬಲತುದಿಯಲ್ಲಿ ಜ. ಹೀಗೆ ಅಲ್ಲೊಂದು ಇಲ್ಲೊಂದು ಕಿತ್ತು, ಉಳಿದ ಸ್ಟಿಕ್ಕರುಗಳನ್ನು ಹಾಗೇ ಬಿಟ್ಟಳು. ಹಗಲು ಹೊತ್ತಿಗೆ ಅವು ಬೇಕಲ್ಲ. ಕಪ್ಪು ಕೀಬೋರ್ಡಿನ ಮೇಲೆ ಅವಳ ಓಣಿಯ ನಕ್ಷೆಯಂತೆ ಕೆಲವೇ ದೀಪಗಳು ಉಳಿದವು.

ನಾನು ಸುಮ್ಮನೆ ಬಾಯಿಗೆ ಬಂದ ವಚನದ ಮೊದಲ ಪದ ಹೇಳಿದೆ. ಅವಳ ಕೈ ಆಡಿತು, ಸಾಲು ಬಂತು. ಯಜಮಾನರು ಇನ್ನೊಂದು ಹೇಳಿದರು, ಅದೂ ಬಂತು. ಬಸ್ಸು ತಪ್ಪಿದವನಿಗೆ ಉಮೇದು ಏರಿ, "ನಂದೊಂದ್ರಿ, ನಂದೊಂದ್ರಿ" ಎಂದು ತಾನೂ ಒಂದು ಎತ್ತಿಕೊಂಡು ಪೂರ್ತಿ ಹಾಡಿಯೇಬಿಟ್ಟ. ರಾಗ ಅವನದೇ, ತಾಳ ಯಾರದೂ ಅಲ್ಲ. ಅಕ್ಕ ಕಡೆಗೂ ನಕ್ಕಳು. ನಕ್ಕರೆ ಅವಳ ಹೆಗಲು ಕುಣಿಯುತ್ತದೆ. ಆ ಕುಣಿತ ನೋಡಿ ನಾನು ಶಟರು ಎತ್ತಿದೆ. ಮೂರು ಜನ ಗಿರಾಕಿ ಹೊರಗೆ ಕಾಯುತ್ತಿದ್ದರು, ಅವರ ಮೇಲೂ ನಾನು ಸಿಟ್ಟಾಗಲಿಲ್ಲ.

ಹುಣ್ಣಿಮೆಗೆ ನಾವಿಬ್ಬರೂ ಅಂಗಡಿಗೆ ಬೀಗ ಹಾಕಿ ಬಸವಕಲ್ಯಾಣಕ್ಕೆ ಹೋದೆವು. ಹೋದಾಗ ಸಭಾಮನೆಯ ಹಿತ್ತಲಲ್ಲಿ ಭಾವ ಸೊಂಟಕ್ಕೆ ಟವೆಲ್ ಬಿಗಿದು ಹುಗ್ಗಿಯ ಹಂಡೆಯ ಮುಂದೆ ನಿಂತಿದ್ದರು. ಅವರ ಸುತ್ತ ಓಣಿಯ ಗಂಡಸರು, ಪ್ರತಿಯೊಬ್ಬರದೂ ಒಂದೊಂದು ಸಲಹೆ. "ಬೆಲ್ಲ ಈಗ ಹಾಕಬೇಕೋ ಆಮ್ಯಾಗೋ ಕೇಳಿ ಬಾ" ಎಂದು ಭಾವ ನನ್ನನ್ನೇ ಒಳಗೆ ಕಳಿಸಿದರು. ಅಕ್ಕ ಪ್ರೊಜೆಕ್ಟರ್ ಪಕ್ಕದ ಗಿಡ್ಡ ಮೇಜಿನ ಮುಂದೆ ಚಾಪೆಯ ಮೇಲೆ ಕೂತಿದ್ದಳು. ಇಳಕಲ್ ಸೀರೆ ಉಟ್ಟಿದ್ದಳು, ಲ್ಯಾಪ್‌ಟಾಪಿನ ತೆರೆಯ ಬೆಳಕನ್ನು ಪೂರ್ತಿ ತಗ್ಗಿಸಿಟ್ಟಿದ್ದಳು. "ಗೋಧಿ ಬೆಂದ ಮ್ಯಾಲ ಅಂತ ಹೇಳು" ಎಂದಳು. ಅಂದು ಹುಗ್ಗಿಯ ಬಗ್ಗೆ ಅವಳು ಆಡಿದ್ದು ಅಷ್ಟೇ ಮಾತು.

ದೀಪ ಆರಿಸಿದರು. ಪೂಜೆ ಮುಗಿಯಿತು. ನಾನು ಅಕ್ಕನ ಪಕ್ಕ ಸ್ವಲ್ಪ ಹಿಂದೆ ಕೂತಿದ್ದೆ. ಮುಂದಿನ ಸಾಲಿನಲ್ಲಿ ಯಾರೋ ಎತ್ತಿಕೊಂಡರು. ಕೀಬೋರ್ಡಿನ ದೀಪಗಳು ಹತ್ತಿದವು, ಅವುಗಳ ಮೇಲೆ ಅಕ್ಕನ ಬೆರಳು ಹಾದವು, ಮೊದಲ ಸಾಲು ಮುಗಿಯುವ ಮೊದಲೇ ಗೋಡೆಯ ಮೇಲೆ ಅಕ್ಷರ ಮೂಡಿತು. ಒಂದು ಸಲ ತಪ್ಪು ಸಾಲು ಬಂತು, ಅಕ್ಕ ನಾಲಗೆ ಕಚ್ಚಿ ತಿದ್ದಿದಳು, ಯಾರೂ ಬೇಸರಿಸಲಿಲ್ಲ. ಮುಡಬಿಯ ಒಬ್ಬ ಅಜ್ಜಿ ಎರಡು ಸಾಲು ಹಾಡಿ ಮರೆತು ನಿಂತಾಗ ಮೂರನೆಯದು ಆಕೆಯ ಎದುರಿಗೇ ಬಂತು. ಆಕೆಗೆ ಓದು ಬಾರದು. ಪಕ್ಕದಲ್ಲಿದ್ದ ಸೊಸೆ ಓದಿ ಕಿವಿಯಲ್ಲಿ ಹೇಳಿದಳು, ಅಜ್ಜಿ ಮತ್ತೆ ಎತ್ತಿಕೊಂಡರು, ಸಭೆಯೆಲ್ಲ ಸೇರಿಕೊಂಡಿತು. ನನ್ನ ಮುಂದೆ ಕೂತಿದ್ದ ಕಾಕಾ ತಿರುಗಿ, "ನಿಮ್ಮಕ್ಕ ಹಲ್ಲಿನ್ಯಾಗ ಏನೂ ಹಿಡದಿಲ್ಲೇನವಾ?" ಎಂದು ಪಿಸುಗುಟ್ಟಿದರು. ನಾನು ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡೆ.

ಹಾಡು ಒಂದಾದ ಮೇಲೊಂದು ಬಂದು, ಕೊನೆಗೆ ನಿಂತಿತು. ಯಾರೂ ಎತ್ತಿಕೊಳ್ಳಲಿಲ್ಲ. ಅಂಥ ಮೌನವೂ ಆ ಕೂಟದ ಪದ್ಧತಿಯೇ. ಎಲ್ಲರೂ ಕಣ್ಣು ಮುಚ್ಚಿ ಕೂತರು. ಸ್ವಲ್ಪ ಹೊತ್ತಿಗೆ ಅಕ್ಕ ಹೇಳಿದಂತೆಯೇ ಕೀಬೋರ್ಡೂ ಕಣ್ಣು ಮುಚ್ಚಿತು. ಪಕ್ಕದಲ್ಲಿದ್ದರೂ ಅವಳ ಕೈ ನನಗೆ ಕಾಣುತ್ತಿರಲಿಲ್ಲ. ಇನ್ನು ಮುಗಿಯಿತು, ದಾಸೋಹಕ್ಕೆ ಏಳುತ್ತಾರೆ ಎಂದುಕೊಂಡೆ. ಹಿತ್ತಲಿನಿಂದ ಹುಗ್ಗಿ ತಳ ಹಿಡಿದ ವಾಸನೆಯೂ ಬರುತ್ತಿತ್ತು.

ಆಗ ಕೀಬೋರ್ಡಿನ ದೀಪ ಹತ್ತಿದವು.

ಯಾರೂ ಹಾಡಿರಲಿಲ್ಲ. ಹಾಡಿಲ್ಲದೆ ಅಕ್ಕ ಯಾವ ಸಾಲು ಹುಡುಕುತ್ತಾಳೆ ಎಂದು ನಾನು ಬಗ್ಗಿ ನೋಡಿದೆ. ರ ಅಕ್ಷರದ ಮೂಲೆ, ಮ ಅಕ್ಷರದ ಮೂಲೆ, ಅವುಗಳ ನಡುವೆ ಅವಳ ಬೆರಳು ಓಡಾಡುತ್ತಿದ್ದವು. ಗೋಡೆಯ ಮೇಲೆ ಸಾಲು ಬಂತು. ಅದನ್ನು ಓದಿದವರು ಯಾರು ಹಾಡುವರೆಂದು ಅತ್ತಿತ್ತ ನೋಡಿದರು. ಅಕ್ಕ ಗಂಟಲು ಸರಿಮಾಡಿಕೊಂಡು, ಕೂತಲ್ಲೇ, ಎತ್ತಿಕೊಂಡಳು.

ಅವಳು ಹಾಡಿದ್ದನ್ನು ನಾನು ಅದುವರೆಗೆ ಕೇಳಿದ್ದು ಮನೆಯಲ್ಲಿ ಮಾತ್ರ. ದನಿ ಮೊದಲು ಮೆತ್ತಗಿತ್ತು, ಎರಡನೆಯ ಸಾಲಿಗೆ ಮೆತ್ತಗಿರಲಿಲ್ಲ. ಕಾಕಾ ಸೇರಿಕೊಂಡರು, ಮುಡಬಿಯ ಅಜ್ಜಿ ಸೇರಿಕೊಂಡರು, ಸಭೆ ಸೇರಿಕೊಂಡಿತು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಯಜಮಾನರು ಓದಿದರೆ ಓದಲಿ.

ಹಿತ್ತಲಿನಲ್ಲಿ ಸೌಟಿನ ಸದ್ದು ನಿಂತಿತು. ತಿರುಗಿ ನೋಡಿದರೆ ಭಾವ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ಗೋಡೆಗೆ ಒರಗಿ, ಹೆಂಡತಿಯ ಹಾಡು ಕೇಳುತ್ತಿದ್ದರು. ಹುಗ್ಗಿ ಪೂರ್ತಿ ಸೀದು ಹೋಯಿತು. ಆ ರಾತ್ರಿ ಎಲ್ಲರೂ ಅದನ್ನೇ ಉಂಡರು, ಕೇಳಿ ಕೇಳಿ ಬಡಿಸಿಕೊಂಡು ಉಂಡರು.